ಏದುಸಿರು ಬಿಡುತ್ತಿದ್ದ ಹುಡುಗಿಗೆ ನಾಡಿ 108 ಹೇಗೆ ಬಂತು?

ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಹೋಗುವ ದಾರಿಯಲ್ಲಿ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ನಮ್ಮ ಮೈದಾನ ಚಿಕ್ಕದು, ಒಂದು ಸುತ್ತು ಹೊಡೆದರೆ ಅಂದಾಜು 160 ಮೀಟರ್ ಆಗುತ್ತದೆ, ಒಂದು ಮೂಲೆ ಇಳಿಜಾರು ಬೇರೆ. ಒಂಬತ್ತನೇ ತರಗತಿಯ 34 ಮಕ್ಕಳಿಗೆ ನಾಡಿ ಹಿಡಿದು ಎಣಿಸುವುದನ್ನು ಕಲಿಸಿ, ಆ ಎಣಿಕೆ ನೋಡಿ ತಾವು ಮಾಡುತ್ತಿರುವ ವ್ಯಾಯಾಮ ಹಗುರವೋ, ಮಧ್ಯಮವೋ, ಜೋರೋ ಅಂತ ಅವರೇ ಹೇಳುವ ಹಾಗೆ ಮಾಡಬೇಕು ಅಂತ ಹೊರಟೆ. ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಆರು ಹಿಡಿಯಿತು. ಯಾಕೆ ಹಿಡಿಯಿತು ಅನ್ನೋದೇ ಈ ಪ್ರಕರಣ.

ಮೊದಲು ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಹೇಳುತ್ತೇನೆ. ಮೈದಾನವನ್ನು ಐದು ಸುತ್ತು ಓಡಿಸಿ, ನಿಲ್ಲಿಸಿ, ಹತ್ತು ಸೆಕೆಂಡ್ ನಾಡಿ ಎಣಿಸಿ ಆರರಿಂದ ಗುಣಿಸಿ ಬರೆಯಿರಿ ಅಂದೆ. ಒಬ್ಬ ಹುಡುಗಿ, ಸಹನಾ ಅಂತ ಇಟ್ಟುಕೊಳ್ಳೋಣ (ಹೆಸರು ಬೇರೆ), ಮುಖ ಕೆಂಪಾಗಿ, ಮೊಣಕಾಲಿನ ಮೇಲೆ ಕೈ ಊರಿ ನಿಂತಿದ್ದಳು. ಮಾತಾಡಿಸಿದರೆ ಕೈ ಸನ್ನೆ ಮಾಡುತ್ತಿದ್ದಳು. ಅವಳ ಪುಸ್ತಕದಲ್ಲಿ ಮಾತ್ರ 108. ಬೋರ್ಡ್ ಮೇಲೆ ನಾನೇ ಬರೆದಿದ್ದ ಪಟ್ಟಿ ಪ್ರಕಾರ ಅದು ಹಗುರ ವ್ಯಾಯಾಮ! ಅವಳೊಬ್ಬಳದೇ ಆಗಿದ್ದರೆ ಎಣಿಕೆ ತಪ್ಪಿತು ಅಂತ ಬಿಡಬಹುದಿತ್ತು. ಆದರೆ ಅರ್ಧಕ್ಕರ್ಧ ಮಕ್ಕಳ ಅಂಕಿ 100ರಿಂದ 125ರ ಒಳಗೆ ಇತ್ತು. ಎಲ್ಲರೂ ಏದುಸಿರು ಬಿಡುತ್ತಿದ್ದಾರೆ, ಎಲ್ಲರ ಪುಸ್ತಕದಲ್ಲೂ ನಡೆದಾಡಿ ಬಂದವರ ನಾಡಿ.

ಇದಕ್ಕೂ ಹಿಂದಿನ ವಾರದ ಕಥೆಯನ್ನೂ ಹೇಳಬೇಕು, ಯಾಕಂದ್ರೆ ಎಡವಟ್ಟು ಅಲ್ಲಿಂದಲೇ ಶುರು. ಮನೆಯಲ್ಲಿ ಬೆಳಿಗ್ಗೆ ಎದ್ದ ತಕ್ಷಣ, ಹಾಸಿಗೆಯಿಂದ ಇಳಿಯುವ ಮೊದಲು, ಕಾಫಿ ಕುಡಿಯುವ ಮೊದಲು, ಒಂದು ನಿಮಿಷ ನಾಡಿ ಎಣಿಸಿ ಮೂರು ದಿನ ಬರೆದುಕೊಂಡು ಬನ್ನಿ ಅಂದಿದ್ದೆ. 34 ಪುಸ್ತಕದಲ್ಲಿ 19ರಲ್ಲಿ ಮೂರೂ ದಿನ 72. ಕೆಲವರು ಜಾಣರು, 72, 73, 72 ಅಂತ ಬರೆದಿದ್ದರು. ವಿಜ್ಞಾನದ ಪಾಠದಲ್ಲಿ ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ ಅಂತ ಓದಿದ್ದಾರೆ, ಅಲ್ವಾ, ಅದನ್ನೇ ಇಳಿಸಿದ್ದಾರೆ. ಬೈಯಲಿಲ್ಲ. ಅವರ ಪ್ರಕಾರ 72 ಸರಿ ಉತ್ತರ, ಸರಿ ಉತ್ತರ ಬರೆದಿದ್ದಾರೆ. ಆದರೆ ನಿಜವಾಗಿ ಎಣಿಸಿದರೆ ಒಬ್ಬರಿಗೇ ದಿನದಿಂದ ದಿನಕ್ಕೆ ನಾಲ್ಕೈದು ಬಡಿತ ಆಚೀಚೆ ಆಗುತ್ತದೆ. ಮೂರು ದಿನವೂ ಒಂದೇ ಅಂಕಿ ಬಂದಿದ್ದರೆ ಎಣಿಸಿಲ್ಲ ಅಂತ ಬಹುಪಾಲು ಖಚಿತ. ಮುಂದಿನ ಸಲ ನಿಯಮ ಬದಲಿಸಿದೆ: 30 ಸೆಕೆಂಡ್ ಎಣಿಸಿ, ಎಣಿಸಿದ್ದನ್ನು ಹಾಗೇ ಬರೆಯಿರಿ, ಎರಡರಿಂದ ಗುಣಿಸುವ ಕೆಲಸ ನನಗೆ ಬಿಡಿ. ಆಗ 39, 41, 38 ಅಂತ ಬರತೊಡಗಿತು. ಪುಸ್ತಕದಲ್ಲಿ ಓದದ ಅಂಕಿ ಬಂದಾಗಲೇ ನನಗೆ ನಂಬಿಕೆ ಬಂದಿದ್ದು.

ಆ ವಾರದ ಇನ್ನೊಂದು ತಮಾಷೆ. ಜೋಡಿ ಜೋಡಿಯಾಗಿ ಕೂರಿಸಿ ಒಬ್ಬರ ನಾಡಿ ಇನ್ನೊಬ್ಬರು ನೋಡಿ ಅಂದಾಗ, ಹತ್ತು ನಿಮಿಷದಿಂದ ಸುಮ್ನೆ ಕೂತಿದ್ದ ಒಬ್ಬ ಹುಡುಗನಿಗೆ ನಿಮಿಷಕ್ಕೆ 124 ಬಂತು. ಅವನಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿದೆ, ಇಲ್ಲ. ಆಮೇಲೆ ಎಣಿಸುತ್ತಿದ್ದವನನ್ನು ನೋಡಿದೆ. ಬಸ್ಸು ತಡವಾಗಿ, ರಸ್ತೆಯಿಂದ ಶಾಲೆಯ ದಿಬ್ಬ ಓಡಿಕೊಂಡು ಹತ್ತಿ ಆಗಷ್ಟೇ ಬಂದವನು. ಗೆಳೆಯನ ಮಣಿಕಟ್ಟನ್ನು ಹೆಬ್ಬೆಟ್ಟಿನಲ್ಲಿ ಒತ್ತಿ ಹಿಡಿದಿದ್ದ. ಹೆಬ್ಬೆಟ್ಟಿನಲ್ಲೂ ಚೆನ್ನಾಗಿ ಬಡಿಯುವ ರಕ್ತನಾಳ ಇದೆ, ಹಾಗಾಗಿ ಅವನು ಎಣಿಸಿದ್ದು ಗೆಳೆಯನ ನಾಡಿ ಅಲ್ಲ, ತನ್ನದೇ ನಾಡಿ. ಹೆಬ್ಬೆಟ್ಟು ಬಳಸಬೇಡಿ ಅಂತ ನಾನು ಹತ್ತು ಸಲ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ, ಈ 124 ಒಂದೇ ಸಲಕ್ಕೆ ಕಲಿಸಿತು. ಈಗ ಬೇಕಂತಲೇ ಒಬ್ಬನನ್ನು ಓಡಿಸಿಕೊಂಡು ಬಂದು ಇದನ್ನು ಮಾಡಿ ತೋರಿಸುತ್ತೇನೆ.

ನಾಡಿ ಹಿಡಿಯುವ ರೀತಿಯನ್ನು ನಾನು ಹೇಳಿಕೊಡುವುದು ಹೀಗೆ. ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದಿಂದ ನೇರ ಕೆಳಗೆ ಬನ್ನಿ, ಮಣಿಕಟ್ಟಿನ ಗೆರೆ ದಾಟಿ ಒಂದು ಬೆರಳಷ್ಟು ಇಳಿಯಿರಿ. ಹೊರಗಡೆ ಮೂಳೆ, ಒಳಗಡೆ ಕೈ ಮಡಚಿದಾಗ ಎದ್ದು ಕಾಣುವ ಹುರಿ, ಇವೆರಡರ ನಡುವಿನ ಸಣ್ಣ ತಗ್ಗಿನಲ್ಲಿ ತೋರುಬೆರಳು, ನಡುಬೆರಳು ಇಡಿ. ಒತ್ತಬೇಡಿ, ಇಡಿ ಅಷ್ಟೇ. ಸಿಗದಿದ್ದರೆ ಮಕ್ಕಳು ಇನ್ನೂ ಜೋರಾಗಿ ಒತ್ತುತ್ತಾರೆ, ಒತ್ತಿದಷ್ಟೂ ರಕ್ತನಾಳ ಮುಚ್ಚಿಹೋಗಿ ಬಡಿತ ಇನ್ನೂ ಮಾಯ. "ಸರ್, ನಂದು ಸಿಗ್ತಾನೇ ಇಲ್ಲ" ಅನ್ನುವವರಲ್ಲಿ ಹೆಚ್ಚಿನವರ ಬೆರಳ ತುದಿ ಬೆಳ್ಳಗಾಗಿರುತ್ತದೆ, ಅಷ್ಟು ಒತ್ತಿರುತ್ತಾರೆ. ಜನವರಿ ಬೆಳಿಗ್ಗೆ ನಮ್ಮ ಕಡೆ ಮಂಜು, ಕೈ ಮರಗಟ್ಟಿರುತ್ತದೆ. ಆಗ ಮೊದಲು ಅಂಗೈ ಉಜ್ಜಿಸಿ, ಕಂಕುಳಲ್ಲಿ ಒಂದು ನಿಮಿಷ ಇಡಿಸಿ ಶುರು ಮಾಡುತ್ತೇನೆ.

ಕತ್ತಿನ ನಾಡಿ ಬೇಗ ಸಿಗುತ್ತದೆ ನಿಜ, ಓಡಿದ ಮೇಲಂತೂ ಇನ್ನೂ ಬೇಗ. ಆದರೆ ನಾನು ಅದನ್ನು ಮೊದಲು ಕಲಿಸುವುದಿಲ್ಲ. ಮಕ್ಕಳು ಎರಡೂ ಕಡೆ ಒಟ್ಟಿಗೆ ಒತ್ತುತ್ತಾರೆ, ಅದು ತಲೆಗೆ ಹೋಗುವ ರಕ್ತದ ದಾರಿ, ತಲೆ ಸುತ್ತಬಹುದು. ಅಲ್ಲದೆ ಅಲ್ಲಿ ಗಟ್ಟಿಯಾಗಿ ಒತ್ತಿದರೆ ರಕ್ತದೊತ್ತಡ ಏರಿದೆ ಅಂತ ದೇಹ ಮೋಸಹೋಗಿ ಹೃದಯವನ್ನು ನಿಧಾನ ಮಾಡುತ್ತದೆ, ಅಂದರೆ ಅಳೆಯಲು ಹೋಗಿ ಅಳತೆಯನ್ನೇ ಕೆಡಿಸಿದಂತೆ. ಮಣಿಕಟ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದ ಒಬ್ಬಿಬ್ಬರಿಗೆ ಮಾತ್ರ ಕತ್ತು, ಒಂದೇ ಕಡೆ, ಹಗುರವಾಗಿ.

ಸರಿ, 108ಕ್ಕೆ ವಾಪಸ್ ಬರೋಣ.

ಮೊದಲು ನಾನು ಬೆರಳನ್ನೇ ಅನುಮಾನಿಸಿದೆ. ಸಹನಾಳನ್ನು ಕೂರಿಸಿ, ನಾನು ಬಲಗೈ ನೋಡಿದೆ, ಅವಳು ಎಡಗೈ ನೋಡಿಕೊಂಡಳು, ಇಬ್ಬರದೂ 30 ಸೆಕೆಂಡಿಗೆ 39 ಬಂತು. ಆಶಾ ಕಾರ್ಯಕರ್ತೆ ಒಬ್ಬರಿಂದ ಕೇಳಿ ತಂದಿದ್ದ, ಕೋವಿಡ್ ಕಾಲದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಾಕಿದರೂ 77, 78 ತೋರಿಸಿತು. ಹುಡುಗಿಗೆ ಎಣಿಸಲು ಚೆನ್ನಾಗಿಯೇ ಬರುತ್ತದೆ. ಹಾಗಾದರೆ ಓಡಿದ ಮೇಲೆ ಏನಾಯಿತು?

ಮುಂದಿನ ಪೀರಿಯಡ್‌ನಲ್ಲಿ ಮತ್ತೆ ಐದು ಸುತ್ತು ಓಡಿಸಿದೆ, ಈ ಸಲ ಸ್ಟಾಪ್‌ವಾಚ್ ಹಿಡಿದು ಸುಮ್ನೆ ಅವಳನ್ನೇ ನೋಡುತ್ತಾ ನಿಂತೆ. ನಿಂತಳು. ಬಗ್ಗಿ ಉಸಿರು ತೆಗೆದುಕೊಂಡಳು. ಜಡೆ ಹಿಂದಕ್ಕೆ ಹಾಕಿಕೊಂಡಳು. ಬಳೆ ಮೇಲಕ್ಕೆ ಸರಿಸಿದಳು. ನಾಡಿ ಹುಡುಕಿದಳು, ಬೆವರಿನ ಕೈ ಜಾರಿತು, ಲಂಗದಲ್ಲಿ ಒರೆಸಿಕೊಂಡು ಮತ್ತೆ ಹುಡುಕಿದಳು. ಎಣಿಸಲು ಶುರು ಮಾಡಿದಾಗ ವಾಚಿನಲ್ಲಿ 55 ಸೆಕೆಂಡ್. ಸುಮಾರು ಒಂದು ನಿಮಿಷ! ಅಷ್ಟರಲ್ಲಿ ಈ ವಯಸ್ಸಿನ ಹೃದಯ ಎಲ್ಲಿಗೆ ಇಳಿದಿರುತ್ತದೆ ಅಂತ ನಾನು ಯೋಚನೆಯೇ ಮಾಡಿರಲಿಲ್ಲ.

ಅದನ್ನು ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿದೆವು. ಓಡುವ ಮೊದಲೇ ಎಲ್ಲರೂ ಕೂತು ತಮ್ಮ ನಾಡಿ ಹುಡುಕಿ, ಸಿಕ್ಕ ಜಾಗದಲ್ಲಿ ಬಾಲ್‌ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡರು. ಬಳೆ, ದಾರ, ವಾಚು ಎಲ್ಲ ತೆಗೆದಿಡಿಸಿದೆ. ಕೊನೆಯ ಸುತ್ತಿನ ಕೊನೆಯ ಇಪ್ಪತ್ತು ಹೆಜ್ಜೆ ಇರುವಾಗಲೇ ಬೆರಳು ಚುಕ್ಕೆ ಹತ್ತಿರ ಹೋಗಬೇಕು. ನಿಂತ ಕೂಡಲೇ ನಾನು ವಿಷಲ್ ಊದುತ್ತೇನೆ, ಹತ್ತು ಸೆಕೆಂಡ್ ಆದ ಮೇಲೆ ಮತ್ತೆ ಊದುತ್ತೇನೆ. ನಡುವೆ ಎಷ್ಟು ಬಡಿತ ಅಂತ ಎಣಿಸಬೇಕು. ನಿಂತ 30 ಸೆಕೆಂಡಿಗೆ ಇನ್ನೊಂದು ಸಲ, 60 ಸೆಕೆಂಡಿಗೆ ಮೂರನೇ ಸಲ.

ಸಹನಾಳಿಗೆ ಬಂದಿದ್ದು 28, 23, 19.

ಆರರಿಂದ ಗುಣಿಸಿ ನೋಡಿ: 168, 138, 114. ಬೋರ್ಡ್ ಮೇಲಿನ ಪಟ್ಟಿಯಲ್ಲಿ ಮೊದಲನೆಯದು ಜೋರು, ಎರಡನೆಯದು ಮಧ್ಯಮ, ಮೂರನೆಯದು ಹಗುರ. ಒಂದೇ ಹುಡುಗಿ, ಒಂದೇ ಓಟ, ಒಂದು ನಿಮಿಷದೊಳಗೆ ಮೂರು ವಲಯ. ಹಿಂದಿನ ವಾರದ 108 ತಪ್ಪು ಎಣಿಕೆಯಲ್ಲ, ಸರಿಯಾದ ಎಣಿಕೆಯೇ. ಆದರೆ ಅದು ಓಟದ ನಾಡಿ ಅಲ್ಲ, ನಿಂತು ಸುಧಾರಿಸಿಕೊಂಡ ನಾಡಿ. ಮಕ್ಕಳ ನಾಡಿ ದೊಡ್ಡವರಿಗಿಂತ ಬೇಗ ಇಳಿಯುತ್ತದೆ, ಹಾಗಾಗಿ ಶಾಲೆಯಲ್ಲಿ ಈ ತಪ್ಪು ಇನ್ನೂ ಜಾಸ್ತಿ ಕಾಡುತ್ತದೆ. ಒಂದು ನಿಮಿಷ ಪೂರ್ತಿ ಎಣಿಸಿದರೆ ಹೆಚ್ಚು ನಿಖರ ಅಂತ ಕೆಲವರು ಹೇಳುತ್ತಾರೆ. ಕೂತಾಗ ನಿಜ, ಓಡಿದ ಮೇಲೆ ಅದೇ ದೊಡ್ಡ ತಪ್ಪು, ಯಾಕಂದ್ರೆ ಎಣಿಸುತ್ತಿರುವಾಗಲೇ ಅದು ಕೆಳಗಿಳಿಯುತ್ತಿರುತ್ತದೆ. ಆಕ್ಸಿಮೀಟರೂ ಇಲ್ಲಿ ಅಷ್ಟು ನೆರವಿಗೆ ಬರಲಿಲ್ಲ. ಕೈ ಅಲುಗಿದರೆ, ಬೆರಳು ತಣ್ಣಗಿದ್ದರೆ ಅದು ತಡಬಡಾಯಿಸುತ್ತದೆ, ಜೊತೆಗೆ ಅದು ತೋರಿಸುವುದು ಕಳೆದ ಕೆಲವು ಸೆಕೆಂಡುಗಳ ಸರಾಸರಿ.

ಎಣಿಸುವಾಗ ಸೊನ್ನೆಯಿಂದ ಶುರುವೋ ಒಂದರಿಂದ ಶುರುವೋ ಅನ್ನುವ ಜಗಳ ಕ್ಲಾಸಿನಲ್ಲಿ ಬಂತು, ಒಳ್ಳೆಯ ಜಗಳವೇ. ಒಂದು ಬಡಿತ ಸಿಕ್ಕ ಕ್ಷಣಕ್ಕೆ ನೀವೇ ವಾಚ್ ಒತ್ತಿದರೆ ಆ ಬಡಿತ ಸೊನ್ನೆ, ಮುಂದಿನದು ಒಂದು. ಬೇರೆಯವರು ವಿಷಲ್ ಊದಿ ಶುರು ಮಾಡಿದರೆ, ಊದಿದ ಮೇಲೆ ಸಿಕ್ಕ ಮೊದಲ ಬಡಿತವೇ ಒಂದು. ಒಂದು ಬಡಿತಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂದರೆ, ಹತ್ತು ಸೆಕೆಂಡಿನ ಎಣಿಕೆಯಲ್ಲಿ ಒಂದು ಬಡಿತ ಅಂದರೆ ನಿಮಿಷಕ್ಕೆ ಆರು. ಈ ಆರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವಲಯಗಳ ವಿಷಯ. ನಾನು ಟ್ರೈನಿಂಗ್‌ನಲ್ಲಿ ಕಲಿತಿದ್ದು, ನೀವೂ ಕೇಳಿರುತ್ತೀರಿ, 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ನಾಡಿ ಬಡಿತ. 14 ವರ್ಷಕ್ಕೆ 206. ಇದು 1970ರ ದಶಕದ ಆರಂಭದಿಂದ ಓಡಾಡುತ್ತಿರುವ ಸೂತ್ರ, ದೊಡ್ಡವರ ಅಂಕಿಗಳನ್ನು ನೋಡಿ ಅಂದಾಜಿಗೆ ಎಳೆದ ಗೆರೆ. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಲ್ಲಿ ವಯಸ್ಸಿನ ಶೇಕಡಾ 70 ಕಳೆಯುವುದು, 14 ವರ್ಷಕ್ಕೆ 198 ಕೊಡುತ್ತದೆ, ಅದೂ ದೊಡ್ಡವರಿಂದಲೇ ಬಂದದ್ದು. ಹೈಸ್ಕೂಲ್ ವಯಸ್ಸಿನಲ್ಲಿ ಗರಿಷ್ಠ ಬಡಿತ ಸಾಮಾನ್ಯವಾಗಿ 200ರ ಆಸುಪಾಸಿನಲ್ಲೇ ಇರುತ್ತದೆ, ವರ್ಷ ವರ್ಷಕ್ಕೆ ಒಂದೊಂದು ಇಳಿಯುವ ಲೆಕ್ಕ ಈ ವಯಸ್ಸಿಗೆ ಹೊಂದುವುದಿಲ್ಲ. ಒಬ್ಬೊಬ್ಬರಿಗೆ ಹತ್ತು ಬಡಿತ ಆಚೀಚೆ ಇದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ನಾನು ಎಲ್ಲರಿಗೂ 200 ಅಂತಲೇ ಇಟ್ಟುಕೊಂಡೆ, ಲೆಕ್ಕವೂ ಸುಲಭ. ಅದರ ಶೇಕಡಾ 64ರಿಂದ 76 ಮಧ್ಯಮ, ಅಲ್ಲಿಂದ 95ರವರೆಗೆ ಜೋರು. ಅಂದರೆ ನಿಮಿಷಕ್ಕೆ 128ರಿಂದ 152 ಮಧ್ಯಮ, 190ರವರೆಗೆ ಜೋರು.

ವಿಜ್ಞಾನ ಮೇಡಂ ಒಪ್ಪಲಿಲ್ಲ. "ಸರ್, ಒಬ್ಬೊಬ್ಬರ ವಿಶ್ರಾಂತಿ ನಾಡಿ ಬೇರೆ ಇರುವಾಗ ಎಲ್ಲರಿಗೂ ಒಂದೇ ಪಟ್ಟಿ ಹೇಗಾಗುತ್ತೆ?" ಅಂತ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಫಿನ್ಲೆಂಡಿನ ಕಾರ್ವೋನೆನ್ ಹೆಸರಿನ ವಿಧಾನ ಇರುವುದೇ ಅದಕ್ಕೆ. ಗರಿಷ್ಠದಲ್ಲಿ ವಿಶ್ರಾಂತಿ ನಾಡಿ ಕಳೆಯಬೇಕು, ಉಳಿದದ್ದು ಹೃದಯದ ಕೈಯಲ್ಲಿರುವ ಉಳಿಕೆ, ಆ ಉಳಿಕೆಯ ಶೇಕಡಾ 40 ತೆಗೆದು ವಿಶ್ರಾಂತಿ ನಾಡಿಗೆ ಸೇರಿಸಿದರೆ ಮಧ್ಯಮದ ಬಾಗಿಲು, ಶೇಕಡಾ 60 ಸೇರಿಸಿದರೆ ಜೋರಿನ ಬಾಗಿಲು. ಸರಿ, ಮಾಡೇ ನೋಡೋಣ ಅಂತ ಇಬ್ಬರೂ ಸ್ಟಾಫ್ ರೂಮಿನಲ್ಲಿ ಕೂತೆವು.

ಸಹನಾಳ ವಿಶ್ರಾಂತಿ ನಾಡಿ 78. ಉಳಿಕೆ 122. ಮಧ್ಯಮ ಶುರುವಾಗುವುದು ಸುಮಾರು 127ಕ್ಕೆ, ಜೋರು ಶುರುವಾಗುವುದು 151ಕ್ಕೆ. ಕ್ಲಾಸಿನಲ್ಲಿ ಅತಿ ಕಡಿಮೆ ವಿಶ್ರಾಂತಿ ನಾಡಿ ಇದ್ದದ್ದು ಎಸ್ಟೇಟಿನ ಲೈನ್ ಮನೆಯಿಂದ ದಿನಾ ಮೂರು ಕಿಲೋಮೀಟರ್ ನಡೆದು ಬರುವ ಒಬ್ಬ ಹುಡುಗನಿಗೆ, 64. ಅವನ ಉಳಿಕೆ 136, ಮಧ್ಯಮ 118ಕ್ಕೆ, ಜೋರು ಸುಮಾರು 146ಕ್ಕೆ. ಕಾಗದದ ಮೇಲೆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಕ್ಕಳು ಎಣಿಸುವುದು ನಿಮಿಷವನ್ನಲ್ಲ, ಹತ್ತು ಸೆಕೆಂಡನ್ನು. ಎಲ್ಲವನ್ನೂ ಆರರಿಂದ ಭಾಗಿಸಿದೆವು. ಸಹನಾಳಿಗೆ ಮಧ್ಯಮ 21ರಿಂದ, ಜೋರು 25ರಿಂದ. ಆ ಹುಡುಗನಿಗೆ 20 ಮತ್ತು 24. ನನ್ನ ಸುಲಭದ ಪಟ್ಟಿಯಲ್ಲಿ 21 ಮತ್ತು 25.

ಒಂದೇ ಬಡಿತದ ವ್ಯತ್ಯಾಸ! ಅದೂ ಕ್ಲಾಸಿನ ಎರಡು ತುದಿಯಲ್ಲಿರುವ ಮಕ್ಕಳ ನಡುವೆ. 206 ಇಟ್ಟುಕೊಂಡರೂ 198 ಇಟ್ಟುಕೊಂಡರೂ ಬಾಗಿಲು ಹೆಚ್ಚೆಂದರೆ ಒಂದು ಬಡಿತ ಸರಿಯುತ್ತದೆ. ವಿಷಲ್ ಊದಿದಾಗ ಒಂದು ಬಡಿತ ತಪ್ಪಿಸಿಕೊಂಡರೂ ಅಷ್ಟೇ ತಪ್ಪು. ಆದರೆ ಬಳೆ ಸರಿಸುತ್ತಾ ಅರ್ಧ ನಿಮಿಷ ಕಳೆದರೆ ಐದು ಬಡಿತ ಹೋಗುತ್ತದೆ. ಅಂದಮೇಲೆ ಸೂತ್ರ ಯಾವುದು ಅಂತ ಎರಡು ಪೀರಿಯಡ್ ಚರ್ಚೆ ಮಾಡುವುದಕ್ಕಿಂತ, ನಿಂತ ಐದು ಸೆಕೆಂಡಿನೊಳಗೆ ಬೆರಳು ಚುಕ್ಕೆ ಮೇಲೆ ಕೂರುವುದನ್ನು ಎರಡು ಪೀರಿಯಡ್ ಅಭ್ಯಾಸ ಮಾಡಿಸುವುದೇ ಲಾಭ ಅಂತ ನಾನು ತೀರ್ಮಾನ ಮಾಡಿದೆ. ಮೇಡಂ ಕೂಡ ನಕ್ಕು ಒಪ್ಪಿದರು. ಕಾರ್ವೋನೆನ್ ಲೆಕ್ಕವನ್ನು ಅವರು ತಮ್ಮ ಕ್ಲಾಸಿನಲ್ಲಿ ಮಾಡಿಸಿದರು, ಶೇಕಡಾವಾರಿಗೆ ಒಳ್ಳೆಯ ಉದಾಹರಣೆ ಸಿಕ್ಕಿತಲ್ಲ. ಎದೆಗೆ ಪಟ್ಟಿ ಕಟ್ಟಿಕೊಂಡು ಪ್ರತಿ ಬಡಿತ ಅಳೆಯುವ ಓಟಗಾರರಿಗೆ ಆ ಲೆಕ್ಕ ಬೇಕು, ಬೆರಳಲ್ಲಿ ಎಣಿಸುವ ಒಂಬತ್ತನೇ ಕ್ಲಾಸಿಗೆ ಅದು ಅಷ್ಟು ಬೇಕಿಲ್ಲ.

ಗುಣಾಕಾರವನ್ನೂ ತೆಗೆದುಹಾಕಿದೆ. ಓಡಿ ಬಂದವರಿಗೆ 23ನ್ನು ಆರರಿಂದ ಗುಣಿಸಿ ಅಂದರೆ ಎಣಿಸಿದ್ದೂ ಮರೆತುಹೋಗುತ್ತದೆ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿರುವುದು ಇಷ್ಟೇ: 21ಕ್ಕಿಂತ ಕಡಿಮೆ ಹಗುರ, 21ರಿಂದ 25 ಮಧ್ಯಮ, 26ರಿಂದ ಮೇಲೆ ಜೋರು, 32 ಬಂದರೆ ನಿಧಾನ ಮಾಡು. ಗಡಿಯಲ್ಲಿ ಒಂದು ಬಡಿತ ಆಚೀಚೆ ಬಂದರೆ ವಾದ ಮಾಡುವುದು ಬೇಡ ಅಂತಲೂ ಹೇಳಿದ್ದೇನೆ.

ಅಂಕಿಯೊಂದನ್ನೇ ನಂಬಬಾರದು ಅಂತ ಇನ್ನೊಂದು ಪರೀಕ್ಷೆ ಜೊತೆಗಿಟ್ಟೆ. ಓಡುತ್ತಲೇ ಹದಿಮೂರರ ಮಗ್ಗಿ ಹೇಳಬೇಕು. (ಮಗ್ಗಿ ಬಾರದವರು ಎರಡರದ್ದು ಹೇಳಬಹುದು, ಇದು ಗಣಿತದ ಪರೀಕ್ಷೆ ಅಲ್ಲ.) ಸಲೀಸಾಗಿ ರಾಗವಾಗಿ ಹೇಳಿದರೆ ಹಗುರ. ಸಾಲು ಸಾಲಾಗಿ ಹೇಳಲು ಬರುತ್ತದೆ, ಆದರೆ ರಾಗ ಎಳೆಯಲು ಆಗುವುದಿಲ್ಲ ಅಂದರೆ ಮಧ್ಯಮ. "ಹದಿಮೂರೆರಡ್ಲ" ಅಂತ ನಿಂತು ಉಸಿರು ಎಳೆದರೆ ಜೋರು. ಮಗ್ಗಿ ಒಂದು ಹೇಳಿ ನಾಡಿ ಇನ್ನೊಂದು ಹೇಳಿದರೆ, ನಾಡಿಯನ್ನು ಮತ್ತೆ ಎಣಿಸಬೇಕು. ಮೊದಲ ದಿನವೇ ಇದನ್ನು ಮಾಡಿಸಿದ್ದರೆ ಸಹನಾಳ 108 ಅಲ್ಲೇ ಸಿಕ್ಕಿಬೀಳುತ್ತಿತ್ತು.

ನಡುವೆ ಒಂದು ಸಣ್ಣ ಗಾಬರಿಯೂ ಆಯಿತು. ಕೂತು ಎಣಿಸುತ್ತಿದ್ದ ಒಬ್ಬ ಹುಡುಗ, "ಸರ್, ನನ್ನ ಹಾರ್ಟು ಒಂದ್ಸಲ ಬೇಗ ಒಂದ್ಸಲ ನಿಧಾನ ಹೊಡೀತಿದೆ" ಅಂತ ಮುಖ ಸಪ್ಪೆ ಮಾಡಿಕೊಂಡು ಬಂದ. ನಿಧಾನವಾಗಿ ಉಸಿರು ಎಳೆದು ಬಿಡಲು ಹೇಳಿ ನಾನೂ ನಾಡಿ ಹಿಡಿದೆ. ಎಳೆದಾಗ ಚುರುಕು, ಬಿಟ್ಟಾಗ ನಿಧಾನ, ಉಸಿರಿನ ಜೊತೆ ಜೊತೆಗೇ. ಮಕ್ಕಳಲ್ಲಿ ಇದು ಸಹಜ. ಉಸಿರಿಗೆ ಸಂಬಂಧವಿಲ್ಲದೆ ಬಡಿತ ತಪ್ಪುತ್ತಿದ್ದರೆ, ಅಥವಾ ಓಡುವಾಗ ಎದೆನೋವು, ಕಣ್ಣು ಕತ್ತಲೆ ಬಂದರೆ ಓಟ ಅಲ್ಲಿಗೇ ನಿಲ್ಲಿಸಿ ಮನೆಯವರಿಗೆ ತಿಳಿಸಿ ಡಾಕ್ಟರ ಹತ್ತಿರ ಕಳಿಸಬೇಕು, ಅದು ನನ್ನ ಕೆಲಸದ ಗಡಿ. ಉಬ್ಬಸ ಇರುವ ಮಕ್ಕಳು, ಹೃದಯದ ಔಷಧಿ ತೆಗೆದುಕೊಳ್ಳುವ ಮಕ್ಕಳು ಯಾರು ಅಂತ ಮೊದಲೇ ಕೇಳಿಟ್ಟುಕೊಂಡಿರುತ್ತೇನೆ. ಕೆಲವು ಔಷಧಿ ನಾಡಿಯನ್ನೇ ಏರಲು ಬಿಡುವುದಿಲ್ಲ, ಅಂಥವರಿಗೆ ಗೋಡೆಯ ಪಟ್ಟಿ ಅನ್ವಯಿಸುವುದಿಲ್ಲ, ಮಗ್ಗಿಯೇ ಗತಿ.

ಐದನೇ ಪೀರಿಯಡ್ ಹೊತ್ತಿಗೆ 34ರಲ್ಲಿ 29 ಮಕ್ಕಳು ಐದು ಸೆಕೆಂಡಿನೊಳಗೆ ಎಣಿಕೆ ಶುರು ಮಾಡುತ್ತಿದ್ದರು. ಪಕ್ಕದವರು ಇನ್ನೊಂದು ಕೈಯಲ್ಲಿ ಎಣಿಸಿದ್ದಕ್ಕೂ ತಾವು ಎಣಿಸಿದ್ದಕ್ಕೂ ಒಂದು ಬಡಿತದ ಒಳಗೆ ತಾಳೆಯಾಗುತ್ತಿತ್ತು. ಉಳಿದ ಐವರಿಗೆ ಕತ್ತು.

ಆರನೇ ಪೀರಿಯಡ್‌ನಲ್ಲಿ ಹೊಸದೇನೂ ಕಲಿಸದೆ ಖೋ ಖೋ ಆಡಿಸಿ, ನಡುನಡುವೆ ವಿಷಲ್ ಊದಿ ಎಲ್ಲರೂ ಇದ್ದಲ್ಲೇ ಎಣಿಸಿ ಅಂದೆ. ಓಡುತ್ತಿದ್ದವರಿಗೆ 29, 30, 28. ಸಾಲಿನಲ್ಲಿ ಕೂತಿದ್ದ ಎಂಟು ಜನರಿಗೆ 16, 17, 15. ತಮ್ಮ ಸರದಿಗೆ ಕಾಯುತ್ತಾ ಕಟ್ಟೆ ಮೇಲೆ ಕೂತವರಿಗೆ 13. ಸಹನಾ ಕಟ್ಟೆಯಿಂದ ಕೂಗಿದಳು, "ಸರ್, ನಾವು ವ್ಯಾಯಾಮ ಮಾಡ್ತಾನೇ ಇಲ್ಲ!" 40 ನಿಮಿಷದ ಪೀರಿಯಡ್‌ನಲ್ಲಿ ಒಂದು ಮಗು 21ರ ಮೇಲೆ ಇದ್ದದ್ದು ಎಷ್ಟು ನಿಮಿಷ ಅಂತ ಕೂಡಿಸಿ ನೋಡಿದೆ. ಹೆಚ್ಚಿನವರಿಗೆ ಏಳೆಂಟು ನಿಮಿಷ. ಇಷ್ಟು ವರ್ಷ ಖೋ ಖೋ ಆಡಿಸಿ ಚೆನ್ನಾಗಿ ಬೆವರಿಳಿಸಿದೆ ಅಂತ ಅಂದುಕೊಂಡಿದ್ದವನು ನಾನು. ಈಗ ಒಂದು ದೊಡ್ಡ ಸಾಲಿನ ಬದಲು ಮೈದಾನದಲ್ಲಿ ಸುಣ್ಣ ಎಳೆದು ನಾಲ್ಕು ನಾಲ್ಕು ಜನ ಕೂರುವ ಮೂರು ಚಿಕ್ಕ ಸಾಲು ಮಾಡಿದ್ದೇನೆ, ಕಟ್ಟೆಯ ಮೇಲೆ ಕಾಯುವವರು ಸುತ್ತ ಓಡುತ್ತಾ ಕಾಯಬೇಕು. ಕೂತವರ ಎಣಿಕೆ ಈಗ 19, 20ಕ್ಕೆ ಬಂದಿದೆ. ಇನ್ನೂ ಮಧ್ಯಮ ಮುಟ್ಟಿಲ್ಲ.